ಅಕ್ಕನ ಕಾರ್ಡಿನ್ಯಾಗ ಉಳಿದ ಭೇಟಿಗಳು

ಆ ದಿನ ತಪಾಸಣಾ ಸೆಂಟರಿನ ಬೆಂಚಿನ ಮ್ಯಾಲ ನಾ ಐದು ನಿಮಿಷ ನೆಟ್ಟಗ ಕುಂತಿದ್ದು ನೆನಪಿಲ್ಲ. ಏಳೂದು, ಬಾಗಲದಾಗ ನಿಂತು ರಸ್ತೆ ನೋಡೂದು, ಮತ್ತ ಬಂದು ಕುಂದರೂದು. ಬಾಜೂಕ ಕುಂತಿದ್ದ ನಮ್ಮಕ್ಕ ಗದರಿದ್ಳು, "ಲೇ ತಮ್ಮಾ, ಕಾಲಾಗ ಚಕ್ರ ಐತೇನ ನಿಂಗ? ಒಂದ ಕಡೆ ಕುಂದರ."

ಕುಂದರೂದು ಹ್ಯಾಂಗ? ಅಕ್ಕನ ಆರೋಗ್ಯದ ಕಾರ್ಡು ರದ್ದು ಮಾಡಿಸಿ ರೊಕ್ಕ ವಾಪಸ್ ತಗೊಳ್ಳಾಕ ಬಂದಿದ್ವಿ. ಕಾರ್ಡು ಕೊಡಿಸಿದಾಂವ ನಾನ. ರೊಕ್ಕದ್ದು ಒಂದ್ಕಡೆ ಇರಲಿ, ಕಾರ್ಡು ಹೋದ್ರ ಅಕ್ಕ ಮತ್ತ ಯಾವ ಡಾಕ್ಟರ ಮುಂದೂ ಕುಂದರಾಂಗಿಲ್ಲ ಅನ್ನೂದು ನನಗ ಗೊತ್ತಿತ್ತು.

ನಾ ಬೈಲಹೊಂಗಲದಾಗ ಹೈಸ್ಕೂಲ್ ಗಣಿತ ಮಾಸ್ತರ. ಅಕ್ಕ ದೊಡವಾಡದಾಗ, ಎರಡು ಎಮ್ಮಿ ಕಟ್ಟಿಕೊಂಡು ಒಬ್ಬಾಕೀನ ಸಂಸಾರ ತೂಗಸ್ಕೊಂಡು ಹೊಂಟಾಕಿ. ಒಂದು ವರ್ಷದಿಂದ ಆಕೀಗೆ ಏದುಸಿರು. ನೀರಿನ ಕೊಡ ಹೊತ್ತು ಕೊಟ್ಟಗಿ ಮುಟ್ಟೂದ್ರಾಗ ಎರಡು ಸಲ ನಿಂದರತಿದ್ಳು. ದವಾಖಾನಿಗೆ ನಡಿ ಅಂದ್ರ, "ನನಗೇನ ಧಾಡಿ ಆಗೈತಿ?" ಅಂತ ನನ್ನ ಮ್ಯಾಲ ಹರಿಹಾಯತಿದ್ಳು.

ಅದಕ್ಕ ನಾ ಒಂದು ಶಾಣ್ಯಾತನ ಮಾಡಿದ್ನಿ. ಪಂಚಮಿಗೆ ತವರಮನಿಗೆ ಬಂದಾಗ ಸೀರಿ ಬದ್ಲಿ ಈ ಕಾರ್ಡು ಕೊಟ್ನಿ. ತವರಿನ ಉಡುಗೊರಿ ಬ್ಯಾಡ ಅನ್ನಾಕ ಬರಾಂಗಿಲ್ಲ, ಅದು ಅಪಶಕುನ. ಎರಡು ಸಾವಿರದ ನಾಕನೂರು ರೂಪಾಯಿಗೆ ಒಂದು ವರ್ಷ. ರಕ್ತ, ಮೂತ್ರ, ಇಸಿಜಿ ಎಲ್ಲಾ ಕೂಡಿ ಪೂರಾ ತಪಾಸಣಿ ಒಂದು ಸಲ. ಪ್ರತಿ ಗುರುವಾರ ಬೆಳಗಾವಿಯಿಂದ ಬರೂ ಎಂ.ಡಿ. ಡಾಕ್ಟರ್ ಹತ್ರ ಹನ್ನೆರಡು ಭೇಟಿ. ಅಕ್ಕ ಕಾರ್ಡು ತಿರುವ್ಯಾಡಿ, "ಅಯ್ಯ ಶಿವನ! ಪಂಚಮಿಗೆ ಸೀರಿ ಉಡಸ್ತಾರಪಾ, ಸೂಜಿ ಚುಚ್ಚಸ್ತಾರೇನ?" ಅಂದ್ಳು. ಆದ್ರೂ ಕಣ್ಣಿಗೆ ಒತ್ತಿಕೊಂಡು ಸೆರಗಿನ ಗಂಟಿಗೆ ಹಾಕ್ಕೊಂಡ್ಳು.

ತಪಾಸಣಿ ಆತು. ಎರಡು ಗುರುವಾರ ಡಾಕ್ಟರ್ ಹತ್ರಾನೂ ಹೋಗಿ ಬಂದ್ಳು. ಏನಂದ್ರು ಅಂತ ಕೇಳಿದ್ರ, "ಉಪ್ಪು ಕಡಿಮಿ ಮಾಡಂದ್ರು," ಅಷ್ಟ. ಆಮ್ಯಾಲ ಸೆಂಟರಿನವ್ರು ಡಾಕ್ಟರ ಬರೂ ದಿನ ಸೋಮವಾರಕ್ಕ ಬದ್ಲಿ ಮಾಡಿಬಿಟ್ರು. ಅಕ್ಕಗ ಸೋಮವಾರ ಉಪವಾಸ. ಲಿಂಗಪೂಜಿ ಮುಗಿದು ಸಂಜಿಗೆ ಒಂದು ತುತ್ತು ಉಂಡ ಮ್ಯಾಲನ ಹೊಸ್ತಿಲಾ ದಾಟಾಕಿ. ಸಂಕ್ರಾಂತಿ ಆದಕೂಡ್ಲೆ ಹೇಳಿ ಕಳಿಸಿದ್ಳು: "ಅದನ್ನ ರದ್ದು ಮಾಡ್ಸು ತಮ್ಮಾ. ಬಂದ ರೊಕ್ಕದಾಗ ಒಂದು ಇಳಕಲ್ ಸೀರಿ ಕೊಡ್ಸು."

ಮ್ಯಾನೇಜರ್ ಸಣ್ಣ ವಯಸ್ಸಿನಾಂವ, ಮಾತು ನಯ. "ಸರ್, ಕಾರ್ಡಿನ ಹಿಂದ ಬರದೈತಿ ನೋಡ್ರಿ. ಪ್ಯಾಕೇಜಿನ ಹಣ ವಾಪಸ್ ಇರಾಂಗಿಲ್ಲ."

"ದಿನ ಬದ್ಲಿ ಮಾಡತೇವಿ ಅಂತ ಬರದೈತೇನ್ರಿ?"

ಆಂವ ಕ್ಯಾಲ್ಕುಲೇಟರ್ ಜಗ್ಗಿಕೊಂಡು, "ಆತು, ವಿಶೇಷ ಅಂತ ಮಾಡತೇನಿ. ತಪಾಸಣಿ ಬಿಡಿಯಾಗಿ ಮಾಡಿಸಿದ್ರ ಹದಿನೆಂಟ ನೂರು. ಒಂದು ಭೇಟಿಗೆ ನೂರೈವತ್ತು. ನಿಮ್ಮ ಅಕ್ಕಾರು ಎರಡು ಸಲ ಬಂದೇನಿ ಅಂತಾರ, ಅಂದ್ರ ಎರಡು ಸಾವಿರದ ನೂರು ಮುಗೀತು. ಮುನ್ನೂರು ತಗೊಳ್ರಿ," ಅಂದ.

ನನ್ನ ಪಿತ್ತ ನೆತ್ತಿಗೇರಿತು. "ಏನ್ರೀ, ಕೊಡುವಾಗ ಪ್ಯಾಕೇಜ್ ರೇಟು, ಕಳಿಯುವಾಗ ಬಿಡಿ ರೇಟು? ಎಲ್ಲಾ ಬಿಡಿಯಾಗಿ ತಗೊಂಡ್ರ ಎಷ್ಟಾಗತೈತಿ? ಮೂರು ಸಾವಿರದ ಆರನೂರು. ನೀವು ತಗೊಂಡಿದ್ದು ಎರಡು ಸಾವಿರದ ನಾಕನೂರು, ಅಂದ್ರ ಮೂರರಾಗ ಎರಡು ಪಾಲು. ಹಂಗಾರ ಮುಗಿದದ್ದಕ್ಕೂ ಮೂರರಾಗ ಎರಡ ಪಾಲ ಹಿಡೀಬೇಕು. ಹದಿನಾಲ್ಕ ನೂರು ನಿಮ್ದು, ಒಂದು ಸಾವಿರ ನಮ್ದು. ನಾವಾಗಿ ಮನಸ್ಸು ಬದ್ಲಿ ಮಾಡಿದ್ದಿದ್ರ ನಿಮ್ಮ ಲೆಕ್ಕ ಒಪ್ಪತಿದ್ನಿ. ದಿನ ಬದ್ಲಿ ಮಾಡಿದಾವ್ರು ನೀವು!"

ಆಂವ ತಲಿ ಕೆರಕೊಂಡ. "ನಿಮ್ಮ ಲೆಕ್ಕ ಖರೇ ಐತ್ರಿ ಸರ್," ಅಂದು ರಜಿಸ್ಟರ್ ತರಾಕ ಒಳಗ ಹೋದ. ನಾ ಅಕ್ಕನ ಕಡೆ ನೋಡಿ ಮೀಸಿ ತಿರುವಿದ್ನಿ. ಆಕಿ ನನ್ನ ಮಾರಿ ನೋಡಲಿಲ್ಲ.

ಆಂವ ರಜಿಸ್ಟರ್ ತಂದು, ತಿರುವಿ ಹಾಕಿ, ನನ್ನ ಕಡೆ ಸರಿಸಿದ. ಎರಡು ಗುರುವಾರ ಸರಿ ಇದ್ವು. ಅದರ ಮುಂದ ನಾಕು ಸೋಮವಾರಾನೂ ಇದ್ವು. ಅದ ಕಾರ್ಡ್ ನಂಬರ್, ಅಕ್ಕನ ಹೆಸರು. ವಯಸ್ಸಿನ ಜಾಗಾದಾಗ ಇಪ್ಪತ್ತಾರು. ಅಕ್ಕಗ ಅರವತ್ತು ದಾಟಿತ್ತು.

"ಯಾರಕ್ಕಾ ಇದು?"

"ಬಾಜೂಮನಿ ಸೊಸಿ. ಬಾಣಂತಿ. ಜ್ವರ ಬಿಡವೊಲ್ದಾಗಿತ್ತು. ತವರಿನ ಉಡುಗೊರಿ ಸುಮ್ಮನ ಹಾಳಾಗಬಾರದಲ್ಲೋ, ಆಕೀಗರ ಉಪಯೋಗ ಆಗಲಿ ಅಂತ ಕೊಟ್ನಿ. ಬುಟ್ಟಿ, ಹಾರಿ, ಪಾತ್ರಿ ಏನ ಇರಲಿ, ನಮ್ಮ ಓಣ್ಯಾಗ ಕೇಳಿದಾವ್ರಿಗೆ ಇಲ್ಲ ಅಂದೇವೇನು?"

ನನಗ ಭೂಮಿ ಬಾಯಿ ಬಿಡಲಿ ಅನಿಸ್ತು. ಈಗಷ್ಟ ನ್ಯಾಯದ ಬಗ್ಗೆ ಅಷ್ಟು ಜೋರ ಮಾಡಿದಾಂವ! ಒಬ್ಬರ ಕಾರ್ಡು ಇನ್ನೊಬ್ಬರು ಬಳಸಿದ್ರ ಕಾರ್ಡ ರದ್ದು, ಒಂದು ಪೈಸಾ ಬರಾಂಗಿಲ್ಲ. ಅದೂ ಹಿಂದ ಬರದಿತ್ತು. ಆದ್ರ ಆಂವ ಆ ಸಾಲಿನ ಮ್ಯಾಲ ಬೆರಳ ಇಡಲಿಲ್ಲ. "ಹೆಸರ ಬರಿಯುವಾಗ ನಮ್ಮವ್ರೂ ವಯಸ್ಸು ನೋಡಲಿಲ್ರಿ. ಆರು ಭೇಟಿ ಮುಗಿದವು ಅಂತ ಹಿಡಿಯೂಣು, ನಿಮ್ಮ ಲೆಕ್ಕದ್ಲೇ."

ಬಿಡಿ ರೇಟಿನ್ಯಾಗ ಎರಡು ಸಾವಿರದ ಏಳನೂರು, ಅದರ ಮೂರರಾಗ ಎರಡು ಪಾಲು ಹದಿನೆಂಟ ನೂರು. ಆರನೂರು ವಾಪಸ್. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಾಕ ನನಗ ಮಾರಿ ಇರಲಿಲ್ಲ. ಹೂಂ ಅಂದ್ನಿ.

ಕಾರ್ಡು ತಗೊಂಡು, ಅಕ್ಕನ ಸೈ ಹಾಕಿಸ್ಕೊಂಡು, ಆರು ನೋಟು ಎಣಿಸಿ ಕೊಟ್ಟ. ಅದರ ಕೂಡ ಒಂದು ಫೈಲೂ ಕೊಟ್ಟ. "ಅಕ್ಕಾರ ರಿಪೋರ್ಟ್ರಿ. ಕಾರ್ಡ್ ಮುಚ್ಚಿದ ಮ್ಯಾಲ ನಮ್ಮ ಕಡೆ ಇಟ್ಟಗೊಳ್ಳಾಂಗಿಲ್ಲ."

ನಿಂತಲ್ಲೇ ತಗದು ನೋಡಿದ್ನಿ. ಎರಡನೇ ಗುರುವಾರದ ಕಾಗದದಾಗ ಡಾಕ್ಟರ್ ಇಂಗ್ಲೀಷಿನ್ಯಾಗ ಬರದಿದ್ರು: ಹೃದಯದ ಕವಾಟ ಕೆಟ್ಟಿರೂ ಸಂಶಯ ಐತಿ, ಬೆಳಗಾವಿಗೆ ಹೋಗಿ ಎಕೋ ಸ್ಕ್ಯಾನ್ ಮಾಡಿಸಿ ಬರಬೇಕು, ತಡ ಮಾಡಬಾರದು. ಕೆಳಗ ಎರಡು ಗೆರಿ ಎಳದಿದ್ರು. ಐದು ತಿಂಗಳ ಹಿಂದಿನ ಮಾತು.

"ಅಕ್ಕಾ! ಉಪ್ಪು ಕಡಿಮಿ ಮಾಡಂದ್ರು ಅಂದಿದ್ಯಲ್ಲ?"

"ಅದನ್ನೂ ಅಂದಿದ್ರು."

"ಇದನ್ನ ಹೇಳಲಿಲ್ಲೇನ ನಿನಗ?"

ಆಕಿ ಸೆರಗು ಬಾಯಿಗೆ ಒತ್ತಿಕೊಂಡ್ಳು. "ಹೇಳಿದ್ರೋ. ಕನ್ನಡದಾಗ, ತಿಳಿಯೂ ಹಂಗ ಹೇಳಿದ್ರು. ಇನ್ನೊಮ್ಮೆ ಕೇಳೂ ಧೈರ್ಯ ನನಗಿರಲಿಲ್ಲ. ಅವ್ರು ಸೋಮವಾರ ಮಾಡಿದ್ದು ಚಲೋ ಆತು ಅನಿಸ್ತು."

ನನಗ ಸಿಟ್ಟು ಬಂತು, ಅಳು ಬಂತು, ಎರಡೂ ಕೂಡೇ ಬಂದ್ವು. ಹನ್ನೆರಡರಾಗ ಎರಡು ಹೋದ್ರ ಎಷ್ಟು ಅಂತ ಎಣಿಸಿಕೊಂತ ಕುಂತಿದ್ನಿ. ಹತ್ತು ಯಾಕ ಉಳದ್ವು ಅಂತ ಕೇಳಬೇಕು ಅನ್ನೂದು ನನ್ನ ಬುದ್ಧಿಗೆ ಹೊಳೀಲಿಲ್ಲ. ಎಂಥಾ ಮಾಸ್ತರ ನಾ!

ಬಸ್ ಸ್ಟ್ಯಾಂಡಿಗೆ ನಡದ್ವಿ. ಅಕ್ಕ ದಾರ್‍ಯಾಗ ಎರಡು ಸಲ ನಿಂತ್ಳು. ದೊಡವಾಡದ ಬಸ್ಸಿನ ಕಡೆ ತಿರುಗಿದಾಕೀನ ರಟ್ಟಿ ಹಿಡದು ಬೆಳಗಾವಿ ಬಸ್ಸಿಗೆ ಹತ್ತಿಸಿದ್ನಿ.

"ಎಮ್ಮಿ ಹಾಲ ಯಾರ ಹಿಂಡಬೇಕೋ?" ಅಂದ್ಳು.

"ಆ ಬಾಣಂತಿ ಮನಿಯವ್ರಿಗೆ ಫೋನ್ ಮಾಡಸ್ತೇನಿ. ನಾಕು ಭೇಟಿ ಕೊಟ್ಟೀಯಲ್ಲ ಅವ್ರಿಗೆ, ಒಂದು ಸಂಜಿ ಹಿಂಡಲಿ."

ಆಕಿ ನಗಾಕ ಹೋದ್ಳು, ನಗು ಬರಲಿಲ್ಲ. ಬಸ್ಸು ಊರು ದಾಟಿ ಬಾಳ ಹೊತ್ತು ಆದ ಮ್ಯಾಲ ನನ್ನ ಮೊಳಕೈ ಹಿಡಕೊಂಡು, ಸಣ್ಣ ಹುಡುಗಿ ಕೇಳಿದಂಗ ಕೇಳಿದ್ಳು: "ತಮ್ಮಾ, ಆ ಡಾಕ್ಟರ ಖೋಲ್ಯಾಗ ನೀನೂ ಬರತೀಯಲ್ಲ?"