ಹಳೆಯ ಕಡವಿನ ದೀಪ

ಮೊನ್ನೆ, ನಾವಿರುವ ಈ ವಿದೇಶದ ಊರು ಪ್ಲೇನೋದ ಅಂಗಡಿಯೊಂದರಲ್ಲಿ ತಾವರೆ ಚಹಾದ ಡಬ್ಬಿ ಮೂಸಿದೆ. ನೀವೂ ನನ್ನಂತೆ ಕೊಳ್ಳದೆ ಮೂಸುವವರಾದರೆ ನಮ್ಮ ಸ್ನೇಹ ಕುದುರಿತು ಅನ್ನಿ. ಆ ವಾಸನೆಗೆ, ನನಗೆ ಅದೇ ಚಹಾ ಕುಡಿಸುತ್ತಿದ್ದ ಲೋಕ್ ಅಂಕಲ್ ನೆನಪಾದರು. ಎರಡು ಸಾವಿರದ ಆಸುಪಾಸಿನಲ್ಲಿ ನಾನು ಪಕ್ಕದೂರು ರಿಚರ್ಡ್‌ಸನ್ನಿನಲ್ಲಿ ಓದುತ್ತಿದ್ದಾಗ ಕೆಳಗಿನ ಮನೆಯಲ್ಲಿದ್ದ ವಿಯೆಟ್ನಾಮಿನವರು. ಜೊತೆಗೆ ತೊಂಬತ್ತು ದಾಟಿದ ತಾಯಿ.

ಅಂಕಲ್‌ರ ತಂದೆ ದೂರದ ಕೆಲಸದಲ್ಲಿದ್ದಾಗ ಹೆಂಡತಿಗೊಂದು ಪದ್ಯ ಕಳಿಸಿದ್ದರಂತೆ, ಹಳೆಯ ಚೀನೀ ಭಾಷೆಯಲ್ಲಿ. ಆಗಿನ ಓದಿದವರ ರೂಢಿ ಅದು. ಪಾಪ, ಆಕೆಗೆ ಚೀನೀ ಅಕ್ಷರ ಬಾರದು. ಗಂಡನನ್ನು ಕೇಳಲು ನಾಚಿಕೆ. ಕಾಗದವನ್ನು ಮಡಿಸಿಟ್ಟುಕೊಂಡೇ ಮುದುಕಿಯಾದರು. ಡಾಕ್ಟರು ಇನ್ನು ಕೆಲವೇ ವಾರ ಎಂದ ಮೇಲೆ, ಕಣ್ಮುಚ್ಚುವ ಮೊದಲು ಅದನ್ನು ಅಮ್ಮನಿಗೆ ಕೇಳಿಸಲೇಬೇಕೆಂದು ಅಂಕಲ್ ಅನುವಾದಕ್ಕೆ ಕೂತರು.

ಮೊದಲು ಪ್ರತಿ ಚೀನೀ ಅಕ್ಷರಕ್ಕೂ ವಿಯೆಟ್ನಾಮೀ ಉಚ್ಚಾರ ಬರೆದರು: ‘ಕಿವ್ ಡೋ ಕೋ ಡಾಂಗ್ ಡಾಯ್ ಕೋ ಞನ್’. ದೋಣಿ ದಾಟುವ ಹಳೆ ಕಡವು, ಒಂಟಿ ದೀಪ, ಕಾಯುವುದು, ಹಿಂದಿನ ಒಡನಾಡಿ. ನಮಗೆ ಸಂಸ್ಕೃತದಿಂದ ಬಂದಂತೆ ಅವರಿಗೆ ಚೀನಿಯಿಂದ ಬಂದ ಮಾತುಗಳು ಸಾವಿರಾರು. ಕೆಲವು ಎಲ್ಲರ ಬಾಯಲ್ಲಿವೆ, ಹಲವು ಪಂಡಿತರಿಗೇ ಸರಿ. ಆಮೇಲೆ ಅದನ್ನು ತಮ್ಮ ಜೋಡಿಸಾಲಿಗೆ ಹೊಂದಿಸಬೇಕು: ಮೊದಲ ಸಾಲಿಗೆ ಆರು ಉಚ್ಚಾರ, ಎರಡನೆಯದಕ್ಕೆ ಎಂಟು, ನಮ್ಮಂತೆ ಮಾತ್ರೆಯ ಲೆಕ್ಕವಲ್ಲ. ಮೊದಲ ಸಾಲಿನ ಕೊನೆಗೆ ಎರಡನೆಯದರ ಆರನೇ ಉಚ್ಚಾರ ಪ್ರಾಸವಾಗಬೇಕು, ದನಿಯ ಏರಿಳಿತವೂ ಆಯಾ ಜಾಗದಲ್ಲೇ ಬೀಳಬೇಕು.

ಮೂಲದಲ್ಲಿ ನಾನು, ನೀನು ಎಂಬುದೇ ಇಲ್ಲ. ಕಾಯುತ್ತಿರುವುದು ಯಾರು? ಅಪ್ಪ ಯಾವನೋ ಗೆಳೆಯನಿಗೆ ಕಾಯುತ್ತಿದ್ದರೆಂದು ಅಂಕಲ್ ತೀರ್ಮಾನಿಸಿದರು. ಅಪ್ಪನ ಘನತೆ ತಗ್ಗಬಾರದೆಂದು ಒಂಟಿ ದೀಪಕ್ಕೆ ‘ಕೋ ಡಾಂಗ್’ ಎಂಬಂಥ ಭಾರಿ ಮಾತುಗಳನ್ನೇ ಉಳಿಸಿಕೊಂಡರು. ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಬೆಳದಿಂಗಳನ್ನು ‘ಚಂದ್ರಿಕೆ’ ಎಂದು ಬರೆಯುವ ನಾನು ಭೇಷ್ ಅಂದೆ. ನನ್ನ ಬುದ್ಧಿಗಿಷ್ಟು!

ಅಂಕಲ್ ಓದಿ ಮುಗಿಸಿದಾಗ ಅವರ ತಾಯಿ, ಆ ಅಜ್ಜಿ, ಕೈ ಮುಗಿದರು. ನಾನು ಪುರೋಹಿತರ ಮಂತ್ರಕ್ಕೆ ಅರ್ಥವಾಗದೆಯೇ ಮುಗಿಯುತ್ತೇನಲ್ಲ, ಹಾಗೆ. ಅಂಕಲ್ ಮುಖ ಬಾಡಿತು. ನನಗೂ ಸಂಕಟವಾಯಿತು. ಅಡುಗೆಮನೆಯ ಮಾತಲ್ಲಿ ಹೇಳಿ ನೋಡಿ ಎಂದೆ. ಹೇಳಿದರು. ಅಜ್ಜಿ ಮೆಲ್ಲಗೆ ಏನೋ ಅಂದರು, ಅಂಕಲ್ ನನಗೆ ತಿಳಿಸಿದರು: “ಕಡವಿನಲ್ಲಿ ದೀಪ ಹಚ್ಚಿಡ್ತಿದ್ದದ್ದು ನಾನು ಅಂತಾರೆ. ರಾತ್ರಿಯಿಡೀ ಆರದ ಹಾಗೆ. ಅದಕ್ಕೆ ‘ಡೆನ್ ಚಾಂಗ್’ ಅನ್ನಬೇಕಂತೆ.”

ಕಾದದ್ದು ಆಕೆ, ಬರಬೇಕಾದ ಒಡನಾಡಿ ಅಪ್ಪನೇ. ಅಂಕಲ್ ಬರೆದದ್ದನ್ನೆಲ್ಲ ಹೊಡೆದುಹಾಕಿದರು. ಈಗ ಮೊದಲ ಸಾಲಿನ ಕೊನೆಗೆ ಅಮ್ಮ ಕೊಟ್ಟ ‘ಚಾಂಗ್’ ಬಂತು, ಎರಡನೆಯದರ ಆರನೇ ಜಾಗದಲ್ಲಿ ಅದಕ್ಕೆ ಪ್ರಾಸವಾಗಿ ‘ಮಾಂಗ್’, ಅಂದರೆ ಹಂಬಲ. ಚೀನೀ ಮೂಲದ್ದು ಹಿಂದಿನ ಒಡನಾಡಿ ಎಂಬರ್ಥದ ‘ಕೋ ಞನ್’ ಒಂದನ್ನೇ ಉಳಿಸಿದರು, ಅದು ಎಲ್ಲರಿಗೂ ಗೊತ್ತಿರುವ ಮಾತು.

ಅಜ್ಜಿ ಎರಡು ಸಲ ಓದಿಸಿಕೊಂಡರು. ಆಮೇಲೆ ಮಗನನ್ನು ಕೇಳಿದರು, “ಹಾಗಾದರೆ ಅವರಿಗೆ ಗೊತ್ತಿತ್ತಾ?”

ಇವತ್ತು ನಮ್ಮ ಮದುವೆಯ ವಾರ್ಷಿಕೋತ್ಸವ. ಹೆಂಡತಿಗೆ ಕೊಡುವ ಕಾರ್ಡಿನಲ್ಲಿ ‘ಸಹಧರ್ಮಿಣೀ’ ಎಂದು ಶುರು ಮಾಡಿದ್ದ ನಾಲ್ಕು ಸಾಲು ಹೊಡೆದುಹಾಕಿದೆ. ‘ನಾನು ಬರೋವರೆಗೂ ನೀನು ಊಟ ಮಾಡ್ತಿರಲಿಲ್ಲ. ನಂಗೆ ಗೊತ್ತಿತ್ತು ಕಣೇ’ ಎಂದು ಬರೆದೆ.