ಬರುವ ಖರ್ಚಿನ ಮೂರನೆಯ ಗಂಟು

ಅಪ್ಪ-ಅವ್ವನನ್ನು ಶ್ರೀಶೈಲಕ್ಕೆ ಕಳಿಸುವ ಖರ್ಚನ್ನು ನಮ್ಮ ಕುಲಗೋಡದ ಮನೆಯಲ್ಲಿ ಯಾರೂ ಕಾಗದದ ಮೇಲೆ ಬರೆಯಲಿಲ್ಲ. ಅವ್ವನಿಗೆ ಓದು ಬಾರದು, ಅಪ್ಪನ ಕಣ್ಣು ಮಂಜು. ಅದಕ್ಕೇ ಉದ್ದನೆಯ ಬಿಳಿ ಅರಿವೆಯಲ್ಲಿ ಒಂದೊಂದು ಖರ್ಚಿನ ರೊಕ್ಕಕ್ಕೆ ಒಂದೊಂದು ಗಂಟು. ಮೊದಲು ಹೋಗುವ ರೈಲು, ಆಮೇಲೆ ನಂದ್ಯಾಲದ ಛತ್ರ, ಕಾಡುದಾರಿಗೆ ಅವ್ವನ ಡೋಲಿ, ಮಲ್ಲಯ್ಯನ ಕಾಣಿಕೆ, ಔಷಧ. ಕೊನೆಗೆ ಬರುವ ರೈಲು, ತಲೆಗೊಂದು ಗಂಟು. ಬೆರಳಾಡಿಸಿದರೆ ಸಾಕು, ಯಾವುದು ಏತಕ್ಕೆಂದು ತಿಳಿಯುತ್ತಿತ್ತು.

ಜೊತೆಗೆ ಹೊರಟವರು ಕೌಜಲಗಿಯ ಹಿರಿಯರೊಬ್ಬರು. ವರ್ಷಾ ವರ್ಷಾ ಮುದುಕರನ್ನು ಕರೆದೊಯ್ದು ತಿರುಗಿ ತರುವುದೇ ಅವರ ಕಾಯಕ. ಅವರ ಊಟ, ಚಾರ್ಜು, ಬಂದ ಮೇಲೆ ಒಂದು ಧೋತರ ನಮ್ಮ ಪಾಲಿಗೆ. ನನ್ನದು ಕೈ ಬಿಗಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು, ಕಾಡುಜ್ವರದ ಕ್ವಿನೈನ್ ಗುಳಿಗೆಯನ್ನು ಅಪ್ಪ-ಅವ್ವ ಇಬ್ಬರಿಗಷ್ಟೇ ತಂದು ಔಷಧದ ಗಂಟಿಗೆ ಹಾಕಿದೆ.

"ನಿಮಗ ಆ ಕಾಡೇನು ಹೊಸಾದಲ್ಲಲ್ರಿ" ಎಂದೆ ಹಿರಿಯರಿಗೆ. ಅವರು ನಕ್ಕರು.

ಬರುವ ರೈಲಿಗೆ ಅಪ್ಪ ಎರಡೇ ಗಂಟು ಕಟ್ಟಿ ಕೈಬಿಟ್ಟ.

"ಮೂರ ಮಂದಿ ಅಲ್ಲೇನಪಾ?"

"ಎರಡ ಸಾಕು."

ಈ ಮುದುಕನಿಗೆ ಅಲ್ಲೇ ಮಣ್ಣಾಗುವ ಆಸೆ ಎಂದುಕೊಂಡೆ. ಹೆದರಿಕೆಯಾದರೆ ನನಗೆ ಬರುವುದು ಸಿಟ್ಟೇ. ಅರಿವೆ ಕಸಿದುಕೊಂಡು ಮೂರನೆಯ ಗಂಟನ್ನು ಹಲ್ಲಿನಿಂದ ಬಿಗಿದೆ.

"ಮೂರೂ ಮಂದಿ ತಿರುಗಿ ಬರಬೇಕು, ನೋಡು" ಎಂದೆ.

ಮೂವರೂ ತಿರುಗಿ ಬರುವ ದಿನ ಹಿರಿಯರ ಧೋತರವನ್ನೂ ಚಕ್ಕಡಿಯಲ್ಲಿಟ್ಟುಕೊಂಡು ಗೋಕಾಕ ರೋಡ ಸ್ಟೇಶನ್ನಿಗೆ ಹೋದೆ. ಮೊದಲು ಕಂಡದ್ದು ಅಪ್ಪ. ಜೀವ ಬಂದಂತಾಯಿತು. ಅವನು ಗೇಟಿನಲ್ಲಿ ಮೂರು ಟಿಕೀಟು ಕೊಟ್ಟ. ಅಪ್ಪ, ಅವ್ವ ದಾಟಿದರು. ಟಿಕೀಟಿನವನು ಇನ್ನೊಬ್ಬರು ದಾಟುವಷ್ಟು ಹೊತ್ತು ಗೇಟು ಹಿಡಿದು ನಿಂತು, ಆಮೇಲೆ ಮುಚ್ಚಿದ.

"ಅವರೆಲ್ಲಿ?" ಎಂದೆ.

"ಕಾಡಿನಾಗ ಜ್ವರ ಬಂತು. ಮೂರ ದಿನಾ ಅಷ್ಟ. ಅಲ್ಲೇ ಮಣ್ಣ ಮಾಡಿದ್ವಿ" ಎಂದ ಅಪ್ಪ. "ಆದರ ಅವರ ಟಿಕೀಟ ತೆಗಿಸಿದೆ. ನೀ ಕಟ್ಟಿ ಕೊಟ್ಟಿದ್ದಿ, ಬಿಟ್ಟು ಬರಾಕ ಮನಸಾಗಲಿಲ್ಲ."

ಅವ್ವ ಪಿಸುಗುಟ್ಟಿದಳು: "ಡಬ್ಬಿ ತುಂಬ ಮಂದಿ. ನನ್ನ ಬಾಜೂಕ ಮಾತ್ರ ಯಾರೂ ಕೂಡಲಿಲ್ಲೋ. ಬರತಿದ್ರು, ನೋಡತಿದ್ರು, ಸರದು ನಿಲ್ಲತಿದ್ರು."

ಚಕ್ಕಡಿಯಲ್ಲೂ ಅವಳು ಒಬ್ಬರು ಕೂರುವಷ್ಟು ಜಾಗ ಬಿಟ್ಟೇ ಕುಳಿತಳು. ನಾನು ಹಿಂದೆ ತಿರುಗಿ ನೋಡಲಿಲ್ಲ.

"ಎರಡ ಸಾಕು ಅಂತ ನಿನಗ ಹ್ಯಾಂಗ ಗೊತ್ತಾತು?" ಅಪ್ಪನನ್ನು ಕೇಳಿದೆ.

"ನನಗೇನ ಗೊತ್ತು? ಹೋಗೂದು ನಾನ ಅಂತ ತಿಳದಿದ್ದೆ."

ಕೌಜಲಗಿ ಕಾಣುವಾಗ ಅವ್ವ ಔಷಧದ ಗಂಟನ್ನು ಬಿಚ್ಚಿ ತೋರಿಸಿದಳು. ಬರಿದಾಗಿತ್ತು.

"ನಾವು ತಿಂದು ಉಳದ ಗುಳಿಗಿ ಎಲ್ಲಾ ಅವರಿಗೇ ಕೊಟ್ವಿ. ಇಬ್ಬರದು ಮೂವರಿಗೆ ಹ್ಯಾಂಗ ಸಾಲಬೇಕು?"

ಹಿರಿಯರ ಮನೆಯ ಮುಂದೆ ಎತ್ತುಗಳು ತಾವಾಗಿಯೇ ನಿಂತವು. ಅವರ ಹೆಂಡತಿ ಗಂಡನ ಕಾಲಿಗೆಂದು ತಂಬಿಗೆ ನೀರು ಹಿಡಿದು ಆಗಲೇ ಬಾಗಿಲಲ್ಲಿದ್ದರು. ಧೋತರ ತೆಗೆದುಕೊಂಡು ನಾನು ಇಳಿದೆ.