ಹೊಲಕ್ಕೆ ಹೆಚ್ಚಾದ ಸಂಬಳ

ನನ್ನ ಅಮ್ಮ ಬೇಸಾಯದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸರ್ಕಾರ ಒಪ್ಪಲಿಲ್ಲ. ಮುಳಬಾಗಿಲಿನ ಕಡೆಯ ಒಂದು ಹಳ್ಳಿಯಲ್ಲಿ ರಾಗಿ ಪೈರು ನೆಟ್ಟು, ಕಳೆ ಕಿತ್ತು, ಬಾವಿಯಿಂದ ನೀರು ಹಾಯಿಸಿ ಬೆಳೆದವಳು. ಮದುವೆಯಾಗಿ ಮದರಾಸಿನ ಪೆರಂಬೂರಿಗೆ ಬಂದಳು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ.

ಅಜ್ಜ ತೀರಿಕೊಂಡಾಗ, ಉಳುವವನು ತಮ್ಮನಲ್ಲವೇ ಎಂದು ಅಮ್ಮ ತನ್ನ ಪಾಲನ್ನೂ ಬಿಟ್ಟುಕೊಟ್ಟಿದ್ದಳು. ಕೆಲವು ವರ್ಷಗಳಾದ ಮೇಲೆ ಮಾವ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ. ಹೊಲ ಮಾರಬೇಕೆಂದಾಗ ಮೊದಲು ಫೋನ್ ಮಾಡಿದ್ದು ನಮ್ಮ ಮನೆಗೇ.

“ಅಕ್ಕಾ, ನೀನೇ ತಗೊಂಬಿಡು. ಹೊರಗಿನೋರಿಗೆ ಕೊಡೋಕೆ ಮನಸ್ಸೇ ಬರ್ತಿಲ್ಲ.”

ಅಮ್ಮನ ಖುಷಿ ಕೇಳಬೇಕೆ! ಅಪ್ಪ ರಿಟೈರ್ ಆದಮೇಲೆ ಊರಲ್ಲೇ ಇರುವುದು, ಬಾವಿ ಪಕ್ಕದ ತುಂಡಿಗೆ ಅವರೆ, ಮಿಕ್ಕದ್ದಕ್ಕೆ ರಾಗಿ. ಎಲ್ಲ ಅಡುಗೆಮನೆಯಲ್ಲಿ ನಿಂತೇ ಬಿತ್ತಿಯಾಗಿತ್ತು. ನಾನಾಗ ಕಾಲೇಜು ಹುಡುಗಿ. ಅವರೊಟ್ಟಿಗೆ ನಾನೂ ಊರಿಗೆ ಹೋದೆ.

ನೋಂದಣಿ ಕಚೇರಿಯ ಎದುರು ಕ್ರಯಪತ್ರ ಬರೆಯುವವನೊಬ್ಬ ಕೂತಿದ್ದ. ಅಮ್ಮನ ಹೆಸರು ಬರೆದುಕೊಂಡು ಕೇಳಿದ, “ಯಜಮಾನ್ರು ಏನ್ ಕೆಲಸ ಮಾಡ್ತಾರಮ್ಮ?”

“ರೈಲ್ವೇಲಿ,” ಎಂದಳು ಅಮ್ಮ, ಜಂಬದಿಂದ.

ಅವನು ಪೆನ್ನು ಕೆಳಗಿಟ್ಟ. “ಹಂಗಾದ್ರೆ ಆಗಲ್ಲಮ್ಮ. ಬೇಸಾಯ ಬಿಟ್ಟು ಬೇರೆ ವರಮಾನ ವರ್ಷಕ್ಕೆ ಎರಡು ಲಕ್ಷ ದಾಟಿದ್ರೆ ಹೊಲ ತಗೊಳ್ಳಂಗಿಲ್ಲ.”

“ತಗೊಳ್ತಿರೋದು ನಾನಪ್ಪ. ನಂಗೆಲ್ಲಿ ಸಂಬಳ?”

“ಗಂಡನ ಸಂಬಳ ನಿಮ್ಮ ಲೆಕ್ಕಕ್ಕೇ ಬರುತ್ತೆ. ಕಾನೂನು ನೋಡೋದು ಕುಟುಂಬಾನ.”

ಮಾವ ಅಪ್ಪನನ್ನು ಪಕ್ಕಕ್ಕೆ ಕರೆದ. “ದಾಟಿಲ್ಲ ಅಂತ ಒಂದು ಅಫಿಡವಿಟ್ ಹಾಕ್ಬಿಡಿ ಬಾವ. ಎಲ್ರೂ ಹಂಗೇ ಮಾಡೋದು.”

“ನಂದು ಸರ್ಕಾರಿ ಸಂಬಳ, ಮುಚ್ಚಿಡೋಕಾಗತ್ತಾ? ಗೊತ್ತಾದ್ರೆ ಹೊಲ ಸರ್ಕಾರದ ಪಾಲು, ನನ್ನ ಕೆಲಸಾನೂ ಗೋವಿಂದ,” ಎಂದರು ಅಪ್ಪ. ತಪ್ಪು ಮಾತಲ್ಲ. ಆದರೂ ಆ ಹೊತ್ತು ಅವರ ಮೇಲೆ ನನಗೆ ಮೈಯೆಲ್ಲ ಉರಿದುಹೋಯಿತು. ಬರೀ ಕೈಯಲ್ಲಿ ಬಸ್ಸು ಹತ್ತಿ ವಾಪಸು ಬಂದೆವು.

ಹೊಲ ಕೊಂಡವನು ಆ ಪೇಟೆಯ ಬ್ರಾಂದಿ ಅಂಗಡಿಯವನು. ಅವನಿಗೆ ತನ್ನಪ್ಪನ ಕಾಲದ ಜಮೀನಿತ್ತು, ಪಹಣಿಯಲ್ಲಿ ಹೆಸರಿತ್ತು. ಕಾಲಿಗೆ ಮಾತ್ರ ಕೆಸರು ತಾಗಿರಲಿಲ್ಲ. ಅಂಗಡಿಯ ವರಮಾನ ಯಾವ ಕಾಗದದಲ್ಲೂ ಕಾಣುವಂಥದ್ದಲ್ಲ. ಕಾನೂನಿನ ಕಣ್ಣಿಗೆ ಅವನೇ ರೈತ, ನಮ್ಮಮ್ಮ ಯಾರೋ ಮದರಾಸಿನ ಹೆಂಗಸು. ಥೂ! ಈಗ ನೆನೆದರೂ ಬಾಯಿ ಕಹಿಯಾಗುತ್ತದೆ.

ಅವನು ಸುತ್ತಲಿನ ಹೊಲಗಳನ್ನೂ ಕೊಂಡು ಕೆಲವು ವರ್ಷ ಬೀಳು ಬಿಟ್ಟ. ಆಮೇಲೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಎಲ್ಲವನ್ನೂ ವಾಸದ ಉದ್ದೇಶಕ್ಕೆ ಪರಿವರ್ತನೆ ಮಾಡಿಸಿಕೊಂಡ. ಹೊಲ ಕೊಳ್ಳುವವರ ವರಮಾನ ಕೇಳುತ್ತಿದ್ದ ಆ ಕಲಮನ್ನೇ ಈಚೆಗೆ ಸರ್ಕಾರ ತೆಗೆದುಹಾಕಿದೆ. ಈಗ ಕರ್ನಾಟಕದಲ್ಲಿ ಯಾರು ಬೇಕಾದರೂ ಹೊಲ ಕೊಳ್ಳಬಹುದಂತೆ. ಏನು ಔದಾರ್ಯ! ಆ ಸುದ್ದಿಯನ್ನು ಅಮ್ಮನಿಗೆ ನಾನೇ ಓದಿ ಹೇಳಿದೆ. “ಸರಿ, ಬಿಡು,” ಎಂದಳು.

ಹೋದ ವರ್ಷ ವಡಪಳನಿ ಮುರುಗನ ದರ್ಶನ ಮುಗಿಸಿ ಬರುತ್ತಿದ್ದೆವು. ಪಕ್ಕದ ಕಲ್ಯಾಣ ಮಂಟಪದಲ್ಲಿ ಸೈಟು ಮಾರುವವರ ಮೇಳ. ಫ್ಯಾನಿನ ಕೆಳಗೆ ಸ್ವಲ್ಪ ಕೂರೋಣವೆಂದು ಒಳಗೆ ಹೋದೆವು. ಒಂದು ಮೇಜಿನ ಹಿಂದೆ ನಮ್ಮ ಊರಿನ ಹೆಸರು ನೇತಾಡುತ್ತಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ನಕ್ಷೆಯ ಮೇಲೆ ಬಗ್ಗಿದಳು. ಹಳ್ಳದ ತಿರುವು, ಬಂಡೆ, ಊರಿನ ದಾರಿ, ಒಂದೊಂದಾಗಿ ಬೆರಳಿಟ್ಟಳು. “ಇಲ್ಲಿ ಬಾವಿ ಇತ್ತಲ್ಲಪ್ಪ?”

“ಮುಚ್ಚಿಸಿ ಪಾರ್ಕ್ ಮಾಡಿದೀವಿ ಅಮ್ಮ,” ಎಂದ ಅಲ್ಲಿದ್ದವನು. ಹೊಸೂರಿನವನಂತೆ, ನಮ್ಮ ಮಾತು ಕೇಳಿ ತಮಿಳಿನಿಂದ ಕನ್ನಡಕ್ಕೆ ಬಂದಿದ್ದ. “ಡಿಸಿ ಕನ್ವರ್ಷನ್, ಪ್ಲಾನ್ ಅಪ್ರೂವಲ್, ಎಲ್ಲಾ ಆಗಿದೆ. ಯಾರು ಬೇಕಾದ್ರೂ ತಗೊಬಹುದು.”

ಅಮ್ಮ ಪಾರ್ಕಿನ ಪಕ್ಕದ ಸೈಟು ತೋರಿಸಿದಳು. ಅವರೆ ಹಾಕುತ್ತಿದ್ದ ತುಂಡು ಅದೇ ಎಂದು ನನಗೆ ಆಮೇಲೆ ಹೇಳಿದಳು. “ಇದು ಸಿಗುತ್ತಾ?”

“ಓ, ಸಿಗುತ್ತೆ. ಲೋನ್ ನಾವೇ ಮಾಡಿಸ್ತೀವಿ. ಏನ್ ಕೆಲಸ ಅಂತ ಬರ್ಕೊಳ್ಲಿ ಅಮ್ಮ?”

ಅಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು.

“ಬೇಸಾಯ,” ಎಂದಳು.

ಅವನು ನಕ್ಕ. ಪಾಪ, ಒಳ್ಳೆಯ ಹುಡುಗನೇ. “ಅಯ್ಯೋ, ಬೇಸಾಯ ಅಂತ ಬರೆದ್ರೆ ಬ್ಯಾಂಕಿನೋರು ಒಪ್ಪಲ್ಲಮ್ಮ. ಮಗಳ ಸಂಬಳ ಹೇಳಿ. ಜಾಸ್ತಿ ಇದ್ದಷ್ಟೂ ಒಳ್ಳೇದು.”

ನಾನು ನನ್ನ ಸಂಬಳ ಹೇಳಲಿಲ್ಲ. ಅಮ್ಮನ ಬೆರಳು ಇನ್ನೂ ಆ ಸೈಟಿನ ಮೇಲೇ ಇತ್ತು. ಅದನ್ನು ನಾನೇ ಎತ್ತಿ, ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ.